‘ನನ್ನ ಪಾರ್ಸೆಲ್ ಎಲ್ಲಿ ಮೇಡಂ?’ ಅಂದವರಿಗೆ ಏನಂತ ಉತ್ತರ ಬರೀಬೇಕು?

ಗುರುವಾರ ರಾತ್ರಿ ಒಂಬತ್ತೂವರೆ. ಬೆಂಗಳೂರಿನ ನನ್ನ ರೂಮಿನಲ್ಲಿ ಊಟ ಮುಗಿಸಿ ಮೊಬೈಲ್ ಹಿಡಿದು ಕೂತಿದ್ದೆ. ಕೊಟ್ಟೂರಿನಿಂದ ಅಕ್ಕ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಅವಳ ಗ್ರಾಹಕಿಯೊಬ್ಬರ ಮೆಸೇಜ್ ಅದು:

“ಮೇಡಂ, ಸೋಮವಾರ ಕಳಿಸಿದೀವಿ ಅಂದ್ರಿ, ಇನ್ನೂ ಬಂದಿಲ್ಲ. ನೀವು ಕೊಟ್ಟ ನಂಬರ್ ಹಾಕಿದ್ರೆ ಏನೂ ತೋರ್ಸಲ್ಲ. ಭಾನುವಾರ ಮಗೂನ ತೊಟ್ಟಿಲಿಗೆ ಹಾಕೋ ಕಾರ್ಯಕ್ರಮ. 1,400 ರೂಪಾಯಿ ಮೊದ್ಲೇ ಹಾಕಿದೀನಿ. ದಯವಿಟ್ಟು ಮೋಸ ಮಾಡ್ಬೇಡಿ.”

ಅದರ ಕೆಳಗೆ ಅಕ್ಕನ ಪ್ರಶ್ನೆ: “ಏನ್ ಬರೀಲಿ ಇದಕ್ಕ?”

ಅಕ್ಕ ಹಳೇ ಸೀರೆಗಳಲ್ಲಿ ಕೌದಿ ಹೊಲಿದು ವಾಟ್ಸಾಪ್‌ನಲ್ಲಿ ಫೋಟೋ ಹಾಕಿ ಮಾರ್ತಾಳೆ. ಕೂಸಿನ ಕೌದಿಗೆ ಒಳ್ಳೇ ಬೇಡಿಕೆ ಇದೆ. ನಾನು ಇಲ್ಲಿ ಆನ್‌ಲೈನ್ ಗ್ರಾಹಕರ ದೂರುಗಳಿಗೆ ಉತ್ತರ ಬರೆಯೋ ಕೆಲಸದಲ್ಲಿದ್ದೀನಿ. ದಿನಾ ಇಂಥ ಮೆಸೇಜ್ ನೋಡ್ತೀನಿ. ಆದರೆ ಈ ಸಲ ‘ಮೋಸ’ ಅನ್ನೋ ಮಾತು ನಮ್ಮ ಮನೆ ಬಾಗಿಲಿಗೇ ಬಂದಿತ್ತು.

ಅಕ್ಕ ಆಗಲೇ ಒಂದು ಉತ್ತರ ಟೈಪ್ ಮಾಡಿಟ್ಟುಕೊಂಡಿದ್ದಳು: “ಸಾರಿ ಮೇಡಂ, ನಾವು ಸೋಮವಾರನ ಕಳಿಸೀವಿ. ಪೋಸ್ಟಿನೋರದು ಲೇಟ್ ಆಗೇತಿ. ನಾಳೆ ಬರತೈತಿ, ಚಿಂತಿ ಮಾಡಬ್ಯಾಡ್ರಿ.”

“ಕಳಿಸಬೇಡ, ಒಂದರ್ಧ ಗಂಟೆ ತಡಿ” ಅಂದೆ.

ಯಾಕಂದ್ರೆ ಆ ಉತ್ತರದಲ್ಲಿ ಮೂರು ಮಾತಿವೆ, ಮೂರರಲ್ಲೂ ಗ್ರಾಹಕಿಗೆ ಬೇಕಾದದ್ದು ಒಂದೂ ಇಲ್ಲ. ಸೋಮವಾರ ಕಳಿಸಿದ್ದು ಅವರಿಗೆ ಮೊದಲೇ ಗೊತ್ತು. ಅಂಚೆಯವರದ್ದೇ ತಪ್ಪು ಅಂತ ನಾವಿನ್ನೂ ನೋಡೇ ಇಲ್ಲ. ಇನ್ನು ‘ನಾಳೆ ಬರತೈತಿ’ ಅನ್ನೋದು ಅಕ್ಕನ ಕೈಯಲ್ಲಿಲ್ಲದ ಮಾತು. ನಾಳೆ ಬರಲಿಲ್ಲ ಅಂದ್ರೆ ಶನಿವಾರ ಸಂಜೆ ಹೊತ್ತಿಗೆ ಆ ತಾಯಿಗೆ ಬೇರೆ ಕೌದಿ ಹುಡುಕೋಕೂ ಟೈಮ್ ಇರಲ್ಲ. ಸುಮ್ಮನಿದ್ದಿದ್ದರೆ ಆಗೋದಕ್ಕಿಂತ ಹೆಚ್ಚು ನಷ್ಟ ಈ ಸಮಾಧಾನದ ಮಾತಿನಿಂದಲೇ ಆಗುತ್ತೆ.

ಮೊದಲು ರಸೀದಿ ನೋಡಿ

ಉತ್ತರ ಬರೆಯೋಕೆ ಮುಂಚೆ ಪಾರ್ಸೆಲ್ ಎಲ್ಲಿದೆ ಅಂತ ನಮಗೇ ಗೊತ್ತಿರಬೇಕಲ್ಲ? ಅಕ್ಕನಿಗೆ ಸ್ಪೀಡ್ ಪೋಸ್ಟ್ ರಸೀದಿಯ ಫೋಟೋ ಕಳಿಸು ಅಂದೆ. ಬಂತು. ಗ್ರಾಹಕಿಗೆ ಅಕ್ಕ ಕಳಿಸಿದ್ದ ನಂಬರಿನ ಪಕ್ಕ ಇಟ್ಟು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಅಕ್ಕ ರಸೀದಿ ನೋಡಿಕೊಂಡು ಕೈಯಲ್ಲೇ ಟೈಪ್ ಮಾಡಿದ್ದಳು. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿದ್ದವು.

ನಿಜವಾದ ನಂಬರ್ ಇಲ್ಲಿ ಹಾಕಲ್ಲ. ಉದಾಹರಣೆಗೆ, ರಸೀದಿಯಲ್ಲಿ `EK123456785IN` ಅಂತಿತ್ತು ಅಂದುಕೊಳ್ಳಿ. ಅಕ್ಕ ಕಳಿಸಿದ್ದು `EK123546785IN`. 4 ಮತ್ತು 5 ಜಾಗ ಬದಲಿಸಿವೆ ಅಷ್ಟೇ. ಆದರೆ ಅಂಥ ನಂಬರಿನ ಪಾರ್ಸೆಲ್ಲೇ ಇರೋಕೆ ಸಾಧ್ಯವಿಲ್ಲ.

ಅದು ಯಾಕೆ ಅಂತ ತಿಳಿದುಕೊಂಡರೆ ಉಪಯೋಗ ಇದೆ. ಮುಂದೆ ಎರಡು ಅಕ್ಷರ, ಮಧ್ಯ ಒಂಬತ್ತು ಅಂಕಿ, ಕೊನೆಗೆ ದೇಶದ ಎರಡಕ್ಷರ ಇರೋ ಈ 13ರ ಮಾದರಿ ಲೋಕದ ಅಂಚೆ ಇಲಾಖೆಗಳೆಲ್ಲ ಒಪ್ಪಿಕೊಂಡಿರೋದು. ಒಂಬತ್ತು ಅಂಕಿಗಳಲ್ಲಿ ಮೊದಲ ಎಂಟು ಪಾರ್ಸೆಲ್‌ನದ್ದು. ಒಂಬತ್ತನೆಯದು ಕಾವಲಿಗೆ ಇರೋ ಅಂಕಿ. ಎಂಟು ಅಂಕಿಗಳನ್ನ ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಿಸ್ತಾರೆ. ಮೊತ್ತವನ್ನ 11ರಿಂದ ಭಾಗಿಸಿ, ಉಳಿದ ಶೇಷವನ್ನ 11ರಲ್ಲಿ ಕಳೀತಾರೆ. ನಮ್ಮ ಉದಾಹರಣೆಯಲ್ಲಿ ಮೊತ್ತ 204, ಶೇಷ 6, ಹನ್ನೊಂದರಲ್ಲಿ ಆರು ಹೋದರೆ 5. ರಸೀದಿಯ ಒಂಬತ್ತನೇ ಅಂಕಿಯೂ 5, ಸರಿ ಇದೆ. ಅಕ್ಕನ ನಂಬರಿಗೆ ಲೆಕ್ಕ ಹಾಕಿದರೆ ಮೊತ್ತ 203, ಶೇಷ 5, ಬರೋ ಉತ್ತರ 6. ಆದರೆ ಅಲ್ಲಿರೋದು 5. ಅಂದ್ರೆ ನಂಬರೇ ತಪ್ಪು. (ಉತ್ತರ 10 ಬಂದರೆ 0, 11 ಬಂದರೆ 5 ಅಂತ ಬರೀತಾರೆ.)

ಈ ಲೆಕ್ಕ ದಿನಾ ಮಾಡಬೇಕು ಅಂತ ಹೇಳ್ತಿಲ್ಲ. ಗ್ರಾಹಕರು ‘ಏನೂ ತೋರ್ಸಲ್ಲ’ ಅಂದಾಗ ಪಾರ್ಸೆಲ್ ಕಳೆದಿದೆ ಅಂತ ಗಾಬರಿಯಾಗೋ ಮುಂಚೆ ನಂಬರ್ ಮೇಲೆ ಅನುಮಾನ ಇರಲಿ. ರಸೀದಿಯ ಫೋಟೋವನ್ನೇ ಕಳಿಸಿದರೆ ಈ ತಾಪತ್ರಯವೇ ಇಲ್ಲ. ನಮ್ಮ ಗ್ರಾಹಕಿಗೆ ‘ಮೋಸ’ ಅನ್ನಿಸಿದ್ದು ತಡವಾದ್ದಕ್ಕಲ್ಲ. ಸುಳ್ಳು ನಂಬರ್ ಕೊಟ್ಟಿದ್ದಾರೆ ಅಂತ ಅವರಿಗೆ ಕಂಡಿತ್ತು.

ಕೊಟ್ಟೂರಿಂದ ಹರಪನಹಳ್ಳಿಗೆ, ದಾವಣಗೆರೆ ಮೇಲೆ

ಸರಿಯಾದ ನಂಬರ್ ಹಾಕಿ ನೋಡಿದೆ. ಸೋಮವಾರ ಮಧ್ಯಾಹ್ನ ಕೊಟ್ಟೂರಿನಲ್ಲಿ `Item Booked`. ಅವತ್ತೇ ಸಂಜೆ `Item Bagged`, `Item Dispatched`. ಬುಧವಾರ ದಾವಣಗೆರೆಯಲ್ಲಿ `Item Received`. ಗುರುವಾರ ಮಧ್ಯಾಹ್ನ ದಾವಣಗೆರೆಯಿಂದ ಮತ್ತೆ `Item Dispatched`.

ದಾವಣಗೆರೆ ಯಾಕೆ? ಪಾರ್ಸೆಲ್ ಹೋಗಬೇಕಾಗಿದ್ದು ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಗೆ, ಗ್ರಾಹಕಿಯ ತವರುಮನೆಗೆ. ಅವರು ಬೆಂಗಳೂರಿನಲ್ಲಿ ಕೂತು ಆರ್ಡರ್ ಮಾಡಿದ್ದರು. ಮತ್ತೆ ರಸೀದಿ ನೋಡಿದೆ. ಹೋಗಬೇಕಾದ ಪಿನ್ ಕೋಡ್ ಜಾಗದಲ್ಲಿ 577001 ಅಂತಿತ್ತು. ಅದು ದಾವಣಗೆರೆ ಊರಿನದ್ದು.

ಅಕ್ಕನನ್ನ ಕೇಳಿದೆ. ಗ್ರಾಹಕಿ ಕಳಿಸಿದ್ದ ವಿಳಾಸದಲ್ಲಿ ಪಿನ್ ಇರಲಿಲ್ಲ. ‘ಹರಪನಹಳ್ಳಿ ತಾ., ದಾವಣಗೆರೆ ಜಿಲ್ಲೆ’ ಅಂತ ಮಾತ್ರ ಇತ್ತು. ಅಕ್ಕನ ಮಗಳು ಮೊಬೈಲಿನಲ್ಲಿ ದಾವಣಗೆರೆಯ ಪಿನ್ ಹುಡುಕಿ ಬರೆದುಬಿಟ್ಟಿದ್ದಳು.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಬಳ್ಳಾರಿಯಲ್ಲಿದ್ದ ಹರಪನಹಳ್ಳಿ ಅಲ್ಲಿಗೆ ಹೋಯ್ತು. 2018ರಲ್ಲಿ ವಾಪಸ್ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅಲ್ಲಿಗೆ ಸೇರಿತು. ಕೊಟ್ಟೂರು ಕೂಡ ಮೊದಲು ಕೂಡ್ಲಿಗಿ ತಾಲ್ಲೂಕಿನೊಳಗಿತ್ತು, ಈಗ ತಾನೇ ಒಂದು ತಾಲ್ಲೂಕು. ಹಾಗಾಗಿ ಒಂದೇ ಮನೆಯ ನಾಲ್ಕು ಕಾಗದದಲ್ಲಿ ನಾಲ್ಕು ಥರ ವಿಳಾಸ. ಆಧಾರ್‌ನಲ್ಲಿ ದಾವಣಗೆರೆ, ಪಾಸ್‌ಬುಕ್‌ನಲ್ಲಿ ಬಳ್ಳಾರಿ, ಹೊಸ ಪಹಣಿಯಲ್ಲಿ ವಿಜಯನಗರ ಇರೋ ಮನೆಗಳು ಬೇಕಾದಷ್ಟು.

ಆದರೆ ಪಿನ್ ಕೋಡ್ ಜಿಲ್ಲೆಯ ಹಿಂದೆ ಓಡಾಡಲ್ಲ. 1972ರ ಆಗಸ್ಟ್ 15ರಂದು ಶುರುವಾದ ಈ ವ್ಯವಸ್ಥೆಯಲ್ಲಿ ಮೊದಲ ಮೂರು ಅಂಕಿ ಸೇರಿ ಯಾವ ವಿಂಗಡಣೆ ಪ್ರದೇಶಕ್ಕೆ ಚೀಲ ಹೋಗಬೇಕು ಅಂತ ಹೇಳ್ತವೆ. ಕೊನೆಯ ಮೂರು, ಅಲ್ಲಿಂದ ಯಾವ ಬಟವಾಡೆ ಕಚೇರಿಗೆ ಅಂತ ಹೇಳ್ತವೆ. ಹರಪನಹಳ್ಳಿ ಯಾವ ಜಿಲ್ಲೆಯಲ್ಲಿದ್ದರೂ ಅದರ ಪಿನ್ 583ರಿಂದಲೇ ಶುರು. ನಮ್ಮ ಐದೂ ಊರು ಹಾಗೇ: ಹರಪನಹಳ್ಳಿ 583131, ಕೊಟ್ಟೂರು 583134, ಕೂಡ್ಲಿಗಿ 583135, ಹಗರಿಬೊಮ್ಮನಹಳ್ಳಿ 583212, ಹೂವಿನಹಡಗಲಿ 583219. ಇವು ಊರಿನ ಕಚೇರಿಗಳವು. ತಾಲ್ಲೂಕಿನ ಕೆಲವು ಹಳ್ಳಿಗಳಿಗೆ ಬೇರೆ ಪಿನ್ ಇರುತ್ತೆ. ಅದಕ್ಕೇ ಹಳ್ಳಿ ಹೆಸರು ಹಾಕಿಯೇ ಹುಡುಕಬೇಕು.

ವಿಂಗಡಿಸುವವರು ಸಾವಿರಾರು ಪಾರ್ಸೆಲ್‌ಗಳ ಮಧ್ಯೆ ಮೊದಲು ನೋಡೋದು ಆ ಆರು ಅಂಕಿ. 577 ಕಂಡಿತು, ಚೀಲ ದಾವಣಗೆರೆಗೆ ಹೋಯ್ತು. ಅಲ್ಲಿ ಕೈಗೆ ತೆಗೆದುಕೊಂಡವರು ಹಳ್ಳಿ ಹೆಸರು ಓದಿ, ಇದು ಇಲ್ಲಿಯದಲ್ಲ ಅಂತ ವಾಪಸ್ ಹಾಕಿದರು. ಬಸ್ಸಿನಲ್ಲಿ ಒಂದು ಗಂಟೆಯಲ್ಲಿ ಮುಟ್ಟೋ ಊರಿಗೆ ನಮ್ಮ ಕೌದಿ ಜಿಲ್ಲೆ ದಾಟಿ ಸುತ್ತಿ ಬರ್ತಿತ್ತು. ಅಂಚೆಯವರು ತಮ್ಮ ಕೆಲಸ ಸರಿಯಾಗೇ ಮಾಡಿದ್ದರು. ತಪ್ಪು ನಮ್ಮದು.

ಪರದೆ ಹೇಳದೇ ಇದ್ದದ್ದನ್ನ ನಾವು ಹೇಳಬಾರದು

“ಹಂಗಾರ ನಾಳೆ ಬರತೈತಿ ಅಂತ ಬರೀಬಹುದಲ್ಲ, ದಾವಣಗೆರಿ ಬಿಟ್ಟೈತಲ್ಲ?” ಅಂದಳು ಅಕ್ಕ.

ಇಲ್ಲೇ ನಾವೆಲ್ಲ ಎಡವೋದು. ಪರದೆ ಹೇಳ್ತಿರೋದು ಇಷ್ಟೇ: ಪಾರ್ಸೆಲ್ ಗುರುವಾರ ಮಧ್ಯಾಹ್ನ ದಾವಣಗೆರೆ ಬಿಟ್ಟಿದೆ. ಹರಪನಹಳ್ಳಿಗೆ ಬಂದ ದಾಖಲೆ ಇಲ್ಲ. ಬಂದರೂ ಹಳ್ಳಿಗೆ ಮುಟ್ಟಿದ ಹಾಗಲ್ಲ. ಹಳ್ಳಿಯಲ್ಲಿರೋದು ಶಾಖಾ ಅಂಚೆ ಕಚೇರಿ. ಅದು ದಿನಕ್ಕೆ ಕೆಲವೇ ಗಂಟೆ ತೆರೆದಿರುತ್ತೆ. ಮೇಲಿನ ಕಚೇರಿಯಿಂದ ಚೀಲ ಅಲ್ಲಿಗೆ ಹೋಗಿ, ಆಮೇಲೆ ಗ್ರಾಮೀಣ ಡಾಕ್ ಸೇವಕರು ಮನೆಗೆ ತಲುಪಿಸಬೇಕು. ಊರಿನ ಕಚೇರಿಗೆ ಮಧ್ಯಾಹ್ನ ಬಂದದ್ದು ಹಳ್ಳಿಗೆ ಮಾರನೇ ದಿನದ ಚೀಲದಲ್ಲೇ ಹೋಗೋದು. ಶುಕ್ರವಾರ ಹರಪನಹಳ್ಳಿಗೆ ಬಂದರೆ ಶನಿವಾರ ಮನೆಗೆ. ಶುಕ್ರವಾರ ತಪ್ಪಿದರೆ ನಡುವೆ ಭಾನುವಾರ ರಜೆ, ಸೋಮವಾರವೇ ಗತಿ.

ಅಂದ್ರೆ ಭಾನುವಾರಕ್ಕೆ ಸಿಗಬಹುದು, ಸಿಗದೇನೂ ಇರಬಹುದು. ಇದನ್ನ ಹೀಗೇ ಹೇಳೋದೇ ಸರಿ. ‘ಖಾತ್ರಿ ಇಲ್ಲ’ ಅನ್ನೋ ಮಾತು ಗುರುವಾರ ರಾತ್ರಿ ಸಿಕ್ಕರೆ ಗ್ರಾಹಕಿಗೆ ಎರಡು ದಿನ ಕೈಯಲ್ಲಿರುತ್ತೆ. ಅದೇ ಮಾತು ಶನಿವಾರ ಸಂಜೆ ಸಿಕ್ಕರೆ ಏನು ಮಾಡಿಯಾರು?

ಪರಿಹಾರ ಎಷ್ಟು, ಯಾರ ಜೇಬಿಂದ?

ಇಷ್ಟಾದಮೇಲೆ ದುಡ್ಡಿನ ಮಾತು. ಅಕ್ಕನ ಮೊದಲ ಯೋಚನೆ: “ಪೋಸ್ಟಿನೋರು ಪರಿಹಾರ ಕೊಡ್ತಾರಂತಲ್ಲ, ಅದನ್ನ ಕೊಡಸ್ತೀವಿ ಅನ್ನೋಣ.”

ಸ್ಪೀಡ್ ಪೋಸ್ಟ್‌ಗೆ ಪರಿಹಾರದ ನಿಯಮ ಇರೋದು ನಿಜ. ಇಲಾಖೆ ಗೊತ್ತು ಮಾಡಿದ ಅವಧಿಗಿಂತ ತಡವಾದರೆ ಕಟ್ಟಿದ ಸ್ಪೀಡ್ ಪೋಸ್ಟ್ ಶುಲ್ಕದಷ್ಟು ವಾಪಸ್. ಕಳೆದುಹೋದರೆ ಅಥವಾ ಹಾಳಾದರೆ ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಅಕ್ಕ ಕಟ್ಟಿದ್ದು 77 ರೂಪಾಯಿ. (2025ರ ಅಕ್ಟೋಬರ್ 1ರಿಂದ ದರ ಬದಲಾಗಿದೆ, ಇದು ಅದಕ್ಕೆ ಮುಂಚಿನ ಮಾತು.) ಅಂಚೆಯದ್ದೇ ತಪ್ಪಾಗಿದ್ದರೂ ತಡಕ್ಕೆ ಸಿಗೋದು 77. ಪಾರ್ಸೆಲ್ಲೇ ಕಳೆದಿದ್ದರೂ 154. ಕೌದಿಯ ಬೆಲೆ 1,400. ಬೆಲೆಬಾಳೋ ವಸ್ತು ಕಳಿಸುವಾಗ ಬೇರೆ ಶುಲ್ಕ ಕಟ್ಟಿ ವಿಮೆ ಮಾಡಿಸದಿದ್ದರೆ ಗತಿ ಇಷ್ಟೇ. ಇಲ್ಲಿ ಪಿನ್ ತಪ್ಪು ಬರೆದವರು ನಾವು. ಇಲಾಖೆ ಮುಂದೆ ಕೈಯೊಡ್ಡೋಕೆ ನಮಗೆ ಮುಖವೇ ಇಲ್ಲ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಗ್ರಾಹಕಿ ದುಡ್ಡು ಕೊಟ್ಟಿದ್ದು ಅಕ್ಕನಿಗೆ, ಅಂಚೆಗಲ್ಲ. ಪಾರ್ಸೆಲ್ ಒಯ್ಯುವವರಿಂದ ಅಕ್ಕನಿಗೆ ಏನು ಬರಬೇಕೋ ಅದು ಅಕ್ಕ ಮತ್ತು ಅವರ ನಡುವಿನ ಲೆಕ್ಕ. ಅದು ಬಂದಮೇಲೆ ಕೊಡ್ತೀವಿ ಅಂತ ಗ್ರಾಹಕಿಯನ್ನ ಕಾಯಿಸೋ ಹಾಗಿಲ್ಲ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳೂ ಇದೇ ದಿಕ್ಕಿನಲ್ಲಿವೆ. ದೊಡ್ಡ ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರುವವರು, ಹೇಳಿದ ದಿನಕ್ಕಿಂತ ತಡವಾಗಿ ತಲುಪಿದ ವಸ್ತುವನ್ನ ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅನ್ನೋ ಹಾಗಿಲ್ಲ. ನೆರೆ, ಭೂಕಂಪದಂಥ ಕೈಮೀರಿದ ಕಾರಣ ಇದ್ದರೆ ಮಾತ್ರ ವಿನಾಯ್ತಿ. ಅಂಥ ಕಂಪನಿಗಳ ದೂರು ಅಧಿಕಾರಿ 48 ಗಂಟೆಯೊಳಗೆ ‘ದೂರು ಬಂದಿದೆ’ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅಕ್ಕ ಮಾರೋದು ವಾಟ್ಸಾಪ್‌ನಲ್ಲಿ. ಆದರೆ ಗ್ರಾಹಕರು ಅಳೆಯೋ ಸೇರು ಅದೇ. ಪಿನ್ ತಪ್ಪು ಬರೆದದ್ದನ್ನ ಯಾವ ಲೆಕ್ಕದಲ್ಲೂ ಕೈಮೀರಿದ ಕಾರಣ ಅನ್ನೋಕಾಗಲ್ಲ.

“ಮುಂದಿನ ಸಲ ನೂರು ರೂಪಾಯಿ ಕಮ್ಮಿ ಮಾಡ್ತೀನಿ ಅನ್ನಲೇನು?” ಅಂದಳು. ಬೇಡ ಅಂದೆ. ಈ ಭಾನುವಾರ ತೊಟ್ಟಿಲು ಕಟ್ಟೋರಿಗೆ ಮುಂದಿನ ಸಲದ ರಿಯಾಯ್ತಿ ಯಾಕೆ? ನಂಬಿಕೆ ಹೋದ ಅಂಗಡಿಯಲ್ಲಿ ಇನ್ನೊಮ್ಮೆ ಕೊಳ್ಳಿ ಅಂದ ಹಾಗಾಗುತ್ತೆ. ಅವರಿಗೆ ಬೇಕಿರೋದು ಎರಡರಲ್ಲಿ ಒಂದು: ಭಾನುವಾರಕ್ಕೆ ಕೌದಿ, ಇಲ್ಲಾ ಬೇರೆ ಕಡೆ ಕೊಳ್ಳೋಕೆ ತಮ್ಮ ದುಡ್ಡು.

ಅಕ್ಕನ ಹತ್ತಿರ ಇನ್ನೊಂದು ಕೂಸಿನ ಕೌದಿ ಹೊಲಿದು ಮುಗಿದಿತ್ತು, ಅಂಚಿನ ಬಣ್ಣ ಮಾತ್ರ ಬೇರೆ. ಹರಪನಹಳ್ಳಿಗೆ ಬಸ್ಸಿದೆ. ಶಕ್ತಿ ಯೋಜನೆ ಇರೋದರಿಂದ ಅಕ್ಕನಿಗೆ ಟಿಕೆಟ್ ದುಡ್ಡೂ ಇಲ್ಲ. ಶನಿವಾರ ಅವಳೇ ಹೋಗಿ ಕೊಟ್ಟು ಬರಬಹುದು. ಹಾಗಾಗಿ ಎರಡೂ ದಾರಿ ನಮ್ಮ ಕೈಯಲ್ಲೇ ಇದ್ದವು.

ಅಕ್ಕನಿಗೆ ಒಂದೇ ಹೆದರಿಕೆ. “ದುಡ್ಡು ವಾಪಸ್ ಹಾಕಿದ ಮ್ಯಾಲೆ ಆ ಪಾರ್ಸೆಲ್‌ನೂ ಇಟಗೊಂಡ್ರ?” ಟ್ರ್ಯಾಕಿಂಗ್ ಇರೋದು ನಮಗೂ ತಾನೇ? ಪಡೆದುಕೊಂಡರೆ ತಲುಪಿದೆ ಅಂತ ಬರುತ್ತೆ, ಬೇಡ ಅಂದರೆ ವಾಪಸ್ ಹೊರಟದ್ದು ಬರುತ್ತೆ. ತೆಗೆದುಕೊಂಡದ್ದು ಕಂಡರೆ ಆಗ ಕೇಳಬಹುದು. ಅಷ್ಟು ಅಪಾಯ ತಪ್ಪು ಮಾಡಿದವರೇ ಹೊರಬೇಕು.

ಕೊನೆಗೆ ಕಳಿಸಿದ ಉತ್ತರ

ರಾತ್ರಿ ಹತ್ತು ಗಂಟೆಗೆ ಅಕ್ಕ ಕಳಿಸಿದ್ದು ಇದು:

“ನಮಸ್ಕಾರ ಮೇಡಂ. ನಿಮ್ಮ ಪಾರ್ಸೆಲ್ ಕಳೆದಿಲ್ಲ. ಇವತ್ತು ಮಧ್ಯಾಹ್ನ ದಾವಣಗೆರೆ ಬಿಟ್ಟಿದೆ. ಹರಪನಹಳ್ಳಿಗೆ ಬಂದ ದಾಖಲೆ ಇನ್ನೂ ಇಲ್ಲ.

ಎರಡು ತಪ್ಪು ನಮ್ಮಿಂದ ಆಗಿದೆ. ಪಿನ್ ಕೋಡ್ ತಪ್ಪು ಬರೆದಿದ್ದರಿಂದ ಪಾರ್ಸೆಲ್ ದಾವಣಗೆರೆಗೆ ಹೋಗಿ ಬರ್ತಿದೆ. ನಿಮಗೆ ಕಳಿಸಿದ ಟ್ರ್ಯಾಕಿಂಗ್ ನಂಬರಿನಲ್ಲೂ ಎರಡು ಅಂಕಿ ಅದಲುಬದಲಾಗಿತ್ತು. ಸರಿಯಾದ ನಂಬರ್ EK123456785IN. ರಸೀದಿಯ ಫೋಟೋನೂ ಹಾಕಿದೀನಿ. indiapost.gov.in ನಲ್ಲಿ ನೋಡಬಹುದು.

ಶನಿವಾರದೊಳಗೆ ಬರಬಹುದು, ಆದರೆ ಖಾತ್ರಿ ಕೊಡೋಕೆ ನನ್ನಿಂದ ಆಗಲ್ಲ. ಅದಕ್ಕೆ ಎರಡು ದಾರಿ:

1. ನಿಮ್ಮ 1,400 ರೂಪಾಯಿ ಪೂರ್ತಿ ಈಗಲೇ ವಾಪಸ್ ಹಾಕ್ತೀನಿ. ಪಾರ್ಸೆಲ್ ಬಂದರೆ ಬೇಡ ಅಂತ ಹೇಳಿ, ಅದು ನನಗೆ ವಾಪಸ್ ಬರುತ್ತೆ.

2. ಇದೇ ಅಳತೆಯ ಇನ್ನೊಂದು ಕೌದಿ ರೆಡಿ ಇದೆ, ಫೋಟೋ ಕೆಳಗಿದೆ. ಶನಿವಾರ ಮಧ್ಯಾಹ್ನದೊಳಗೆ ನಾನೇ ನಿಮ್ಮ ತಾಯಿ ಮನೆಗೆ ತಂದುಕೊಡ್ತೀನಿ. ಅಂಚೆಗೆ ಹಾಕಿದ 77 ರೂಪಾಯಿ ನಿಮಗೆ ವಾಪಸ್. ಮೊದಲಿನ ಪಾರ್ಸೆಲ್ ಬಂದರೆ ಬೇಡ ಅನ್ನಿ.

ನಾಳೆ ಸಂಜೆ 5ರೊಳಗೆ 1 ಅಥವಾ 2 ಅಂತ ಕಳಿಸಿದ್ರೆ ಸಾಕು. ಕಳಿಸದಿದ್ದರೆ ನಾನೇ ಫೋನ್ ಮಾಡ್ತೀನಿ. ನಾಳೆ ಬೆಳಿಗ್ಗೆ 11ಕ್ಕೆ ಪಾರ್ಸೆಲ್ ಎಲ್ಲಿದೆ ಅಂತ ನೋಡಿ ಮತ್ತೆ ತಿಳಿಸ್ತೀನಿ. ನಿಮಗೆ ಗಾಬರಿ ಆಗೋ ಹಾಗೆ ಮಾಡಿದ್ದಕ್ಕೆ ಕ್ಷಮಿಸಿ.”

ಇಲ್ಲಿ ಮಾತುಗಳ ಕ್ರಮ ಗಮನಿಸಿ. ಕ್ಷಮೆ ಕೊನೆಗೆ ಬಂದಿದೆ. ಗಾಬರಿಯಲ್ಲಿ ಮೊಬೈಲ್ ತೆಗೆದವರ ಕಣ್ಣಿಗೆ ಮೊದಲು ಬೀಳಬೇಕಾದದ್ದು ‘ಕಳೆದಿಲ್ಲ’ ಅನ್ನೋ ಮಾತು. ಆಮೇಲೆ ಪಾರ್ಸೆಲ್ ಎಲ್ಲಿದೆ, ಯಾಕೆ ತಡ, ಯಾರ ತಪ್ಪು. ಆಮೇಲೆ ಆಯ್ಕೆ. ‘ವಿಳಾಸದಲ್ಲಿ ನೀವು ಪಿನ್ ಬರೆದಿರಲಿಲ್ಲ, ಜಿಲ್ಲೆನೂ ಹಳೇದು’ ಅಂತ ಸೇರಿಸಬೇಕು ಅಂತ ಅಕ್ಕನಿಗೆ ಆಸೆ ಇತ್ತು. ಅದು ಸುಳ್ಳೇನಲ್ಲ. ಆದರೆ ಪಿನ್ ಇಲ್ಲ ಅಂತ ಕಂಡಾಗ ಕೇಳದೆ ನಾವೇ ತುಂಬಿದ್ದೆವು. ಆ ಒಂದು ಸಾಲು ಇದ್ದಿದ್ದರೆ ಉಳಿದ ಇಷ್ಟೂ ಮಾತು ಜಗಳದ ಪೀಠಿಕೆಯಾಗಿ ಕಾಣ್ತಿತ್ತು.

ಮಾತು ಕೊಟ್ಟಿರೋದು ನಮ್ಮ ಕೈಲಾಗೋದಕ್ಕೆ ಮಾತ್ರ ಅನ್ನೋದನ್ನೂ ನೋಡಿ. ದುಡ್ಡು ಹಾಕೋದು, ಬಸ್ ಹತ್ತೋದು, 11 ಗಂಟೆಗೆ ಮೆಸೇಜ್ ಮಾಡೋದು ನಮ್ಮ ಕೈಯಲ್ಲಿದೆ. ಅಂಚೆ ಚೀಲದ ಬಗ್ಗೆ ಹೇಳಿದ್ದು ಪರದೆಯಲ್ಲಿ ಕಂಡಷ್ಟೇ.

ಆಮೇಲೆ ಏನಾಯ್ತು?

ಹತ್ತು ನಿಮಿಷಕ್ಕೆ ಉತ್ತರ ಬಂತು: “2. ಅಂಚಿನ ಬಣ್ಣ ಇದೇ ಚೆನ್ನಾಗಿದೆ.”

ಶುಕ್ರವಾರ 11 ಗಂಟೆಗೆ ಅಕ್ಕ ಮತ್ತೆ ನೋಡಿದಳು. ಪರದೆಯಲ್ಲಿ ಹೊಸ ಸಾಲು ಇರಲಿಲ್ಲ. ‘ಹೊಸ ಸುದ್ದಿ ಇಲ್ಲ ಮೇಡಂ, ನಾಳೆ ನಾನು ಬರೋದು ಗ್ಯಾರಂಟಿ’ ಅಂತ ಬರೆದಳು. ಹೇಳೋಕೆ ಏನೂ ಇಲ್ಲದಿದ್ದಾಗಲೂ ಹೇಳಿದ ಹೊತ್ತಿಗೆ ಹೇಳಿದ್ದು ಕೆಲಸ ಮಾಡಿತು. ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ, ತಾಯಿಯ ಫೋನ್ ನಂಬರ್ ಕಳಿಸಿದರು.

ಶನಿವಾರ ಬೆಳಿಗ್ಗೆ ಅಕ್ಕ ಬಸ್ ಹತ್ತಿದಳು. ಹರಪನಹಳ್ಳಿಯಲ್ಲಿ ಇಳಿದು ಆಟೋ ಹಿಡಿದು ಹಳ್ಳಿ ಮುಟ್ಟಿದಾಗ ಹನ್ನೊಂದೂಕಾಲು. ಮನೆ ತುಂಬ ಜನ, ಹೋಳಿಗೆಗೆ ಹೂರಣ ರುಬ್ಬತಿದ್ದರಂತೆ. ಮೋಸ ಅಂದದ್ದರ ಮಾತು ಯಾರೂ ತೆಗೀಲಿಲ್ಲ. ಊಟ ಮಾಡಿಸದೆ ಬಿಡಲಿಲ್ಲ.

ಮೊದಲಿನ ಪಾರ್ಸೆಲ್ ಹಳ್ಳಿಗೆ ಬಂದದ್ದು ಸೋಮವಾರ. ಬೇಡ ಅಂದರು, ಆ ವಾರದ ಕೊನೆಗೆ ಕೊಟ್ಟೂರಿಗೆ ವಾಪಸ್ ಬಂತು. ಖರ್ಚು ಲೆಕ್ಕ ಹಾಕಿದರೆ ಗ್ರಾಹಕಿಗೆ ಕೊಟ್ಟ 77, ಆಟೋಗೆ ಹೋಗಿ ಬರೋಕೆ 60, ಒಟ್ಟು 137 ರೂಪಾಯಿ. ಜೊತೆಗೆ ಅಕ್ಕನ ಒಂದು ದಿನದ ಹೊಲಿಗೆ. ಇದೇನು ಸಣ್ಣ ಮೊತ್ತ ಅನ್ನಿಸಬಹುದು. ಆದರೆ ಒಂದು ಕೂಸಿನ ಕೌದಿಯಲ್ಲಿ ಅಕ್ಕನಿಗೆ ಉಳಿಯೋದೇ ನಾನ್ನೂರು ಚಿಲ್ಲರೆ. ದೂರದ ಊರಿನ ಗ್ರಾಹಕರಿಗೆ ಎರಡನೇ ದಾರಿ ಕೊಡೋಕೆ ಆಗ್ತಿರಲಿಲ್ಲ. ಪುಣೆಗೋ ಮುಂಬೈಗೋ ಹೋಗೋ ಪಾರ್ಸೆಲ್ ಆಗಿದ್ದರೆ ಪೂರ್ತಿ ದುಡ್ಡು ವಾಪಸ್ ಅನ್ನೋದೊಂದೇ ಉಳೀತಿತ್ತು.

ನೀವು ಕೊಂಡವರಾಗಿದ್ದರೆ

ಇದನ್ನ ಓದ್ತಿರೋ ಹೆಚ್ಚಿನವರು ಮಾರುವವರಲ್ಲ, ಕೊಳ್ಳುವವರು. ‘ಶೀಘ್ರದಲ್ಲೇ ತಲುಪುತ್ತದೆ, ಸಹಕರಿಸಿ’ ಅನ್ನೋ ಉತ್ತರ ಬಂದರೆ ಮೂರು ಪ್ರಶ್ನೆ ವಾಪಸ್ ಕೇಳಿ. ಬುಕ್ ಮಾಡಿದ ರಸೀದಿಯ ಫೋಟೋ ಕೊಡ್ತೀರಾ? ಅದರಲ್ಲಿ ಯಾವ ಪಿನ್ ಇದೆ? ಇಂಥ ದಿನದೊಳಗೆ ಬರದಿದ್ದರೆ ಏನು ಕೊಡ್ತೀರಿ? ನಿಜವಾಗಿ ಕಳಿಸಿದವರಿಗೆ ಈ ಮೂರಕ್ಕೂ ಐದು ನಿಮಿಷದಲ್ಲಿ ಉತ್ತರ ಸಿಗುತ್ತೆ. ಸ್ಪೀಡ್ ಪೋಸ್ಟ್ ಆಗಿದ್ದರೆ ಅಂಚೆ ಇಲಾಖೆಯ 1800 266 6868ಕ್ಕೆ ನೀವೇ ಫೋನ್ ಮಾಡಿ ವಿಚಾರಿಸಬಹುದು. ಮಾರಿದವರು ದುಡ್ಡೂ ಕೊಡದೆ, ವಸ್ತುವೂ ಕೊಡದೆ ಸುಮ್ಮನಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆಗ ಅವರ ಜೊತೆಗಿನ ಮೆಸೇಜುಗಳ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ.

ಅಕ್ಕ ಈಗ ಆರ್ಡರ್ ಬಂದಾಗ ವಿಳಾಸದ ಜೊತೆ ಮೂರು ವಿಷಯ ಕೇಳ್ತಾಳೆ: ಹಳ್ಳಿಯ ಪಿನ್ ಕೋಡ್, ಆ ಮನೆಯಲ್ಲೇ ಇರುವವರ ಫೋನ್ ನಂಬರ್, ಯಾವ ದಿನಕ್ಕೆ ಬೇಕು. ಫೋನ್ ನಂಬರಿನ ಮಾತು ಯಾಕಂದ್ರೆ, ಆ ಪಾರ್ಸೆಲ್ ಮೇಲೆ ಇದ್ದದ್ದು ಬೆಂಗಳೂರಿನಲ್ಲಿ ಕೂತ ಮಗಳ ನಂಬರ್. ಹಳ್ಳಿಯಲ್ಲಿ ಮನೆ ಹುಡುಕುವವರಿಗೆ ಅದರಿಂದ ಏನು ಉಪಯೋಗ? ದಿನ ತೀರಾ ಹತ್ತಿರ ಇದ್ದರೆ ‘ಅಂಚೆಗೆ ಹಾಕಿದರೆ ಖಾತ್ರಿ ಇಲ್ಲರೀ’ ಅಂತ ದುಡ್ಡು ತಗೊಳ್ಳೋ ಮುಂಚೆಯೇ ಹೇಳ್ತಾಳೆ. ಹೊಲಿಗೆ ಮೆಷಿನ್ ಮೇಲಿನ ಗೋಡೆಗೆ ಒಂದು ರಟ್ಟು ಅಂಟಿಸಿದ್ದಾಳೆ. ಅದರಲ್ಲಿ ನಮ್ಮ ಐದು ಊರು, ಐದು ಪಿನ್. ಬರೆದವಳು ಅವಳ ಮಗಳು. 583ರ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡೆರಡು ಗೆರೆ ಎಳೆದಿದ್ದಾಳೆ.